8 ಜಿಬಿಯಲ್ಲಿ ಏನೇನು ಹಿಡಿಸುತ್ತದೆ? ಟೆಕ್ಸ್ಚರ್, ನೆರಳು, ರೇ ಟ್ರೇಸಿಂಗ್‌ಗಳ ಲೆಕ್ಕ

ಹೊಸ ಆಟ ಇನ್‌ಸ್ಟಾಲ್ ಆಗಿದೆ. ಗ್ರಾಫಿಕ್ಸ್ ಮೆನು ತೆರೆದರೆ ಮೆಮೊರಿ ತೋರಿಸುವ ಪಟ್ಟಿ ಕೆಂಪಗಾಗಿದೆ. ಕಾರ್ಡಿನಲ್ಲಿ ಇರುವುದು 8 ಜಿಬಿ, ಆಟ ಕೇಳುತ್ತಿರುವುದು ಅದಕ್ಕಿಂತ ಜಾಸ್ತಿ. ಇರಲಿ, ನೋಡೋಣ ಅಂತ ಆಡಲು ಶುರು ಮಾಡುತ್ತೀರಿ. ಮೊದಲ ಹತ್ತು ನಿಮಿಷ ಯಾವ ತೊಂದರೆಯೂ ಇಲ್ಲ. ಆಮೇಲೆ ಒಂದು ಬೀದಿಯ ತಿರುವಿನಲ್ಲಿ ಚಿತ್ರ ಗಕ್ಕನೆ ನಿಲ್ಲುತ್ತದೆ. ಮತ್ತೆ ಓಡುತ್ತದೆ, ಮತ್ತೆ ನಿಲ್ಲುತ್ತದೆ.

ಆಗ ಬಹಳ ಜನ ಮೊದಲು ಕೈ ಹಾಕುವುದು ನೆರಳಿನ ಸೆಟ್ಟಿಂಗ್‌ಗೆ. ನೆರಳು ಭಾರ ಅಂತ ಎಲ್ಲರೂ ಕೇಳಿರುತ್ತಾರೆ. ಅದು ಸುಳ್ಳೂ ಅಲ್ಲ. ಆದರೂ ನೆರಳು ತಗ್ಗಿಸಿದ ಮೇಲೆ ಚಿತ್ರ ಅದೇ ತಿರುವಿನಲ್ಲಿ ಹಾಗೇ ನಿಲ್ಲುತ್ತದೆ. ಯಾಕೆಂದರೆ ಗ್ರಾಫಿಕ್ಸ್ ಕಾರ್ಡ್ ಎರಡು ಬೇರೆ ಬೇರೆ ರೀತಿಯಲ್ಲಿ ಸೋಲುತ್ತದೆ. ಮಾಡುವ ಕೆಲಸ ಜಾಸ್ತಿಯಾಗಿ ಸೋಲುವುದು ಒಂದು. ಸಾಮಾನು ಇಡಲು ಜಾಗ ಸಾಲದೆ ಸೋಲುವುದು ಇನ್ನೊಂದು. ನೆರಳು ಮುಖ್ಯವಾಗಿ ಕೆಲಸ ಹೆಚ್ಚಿಸುತ್ತದೆ. ಟೆಕ್ಸ್ಚರ್ ಜಾಗ ತಿನ್ನುತ್ತದೆ. ರೇ ಟ್ರೇಸಿಂಗ್ ಎರಡನ್ನೂ ಕೇಳುತ್ತದೆ. ಈ ಮೂರೂ ಯಾಕೆ ಹೀಗೆ ಅಂತ ಗೊತ್ತಾದರೆ ಯಾವುದನ್ನು ಎಷ್ಟು ಇಳಿಸಬೇಕು ಅನ್ನುವುದನ್ನು ನೀವೇ ಹೇಳಬಹುದು.

## ಜಾಗ ಮುಗಿದಾಗ ನಿಜವಾಗಿ ಏನಾಗುತ್ತದೆ

ಗ್ರಾಫಿಕ್ಸ್ ಕಾರ್ಡಿನ ಮೇಲೆ ಅದಕ್ಕೇ ಮೀಸಲಾದ ಮೆಮೊರಿ ಇರುತ್ತದೆ. ಮೆನುಗಳಲ್ಲಿ `VRAM` ಅಂತ ಕಾಣುವುದು ಇದೇ. ಇದನ್ನು ಅಡುಗೆಮನೆಯ ಕಟ್ಟೆ ಅಂದುಕೊಳ್ಳಿ. ಕಂಪ್ಯೂಟರಿನ ಸಾಮಾನ್ಯ ಮೆಮೊರಿ, ಅಂದರೆ ರ‍್ಯಾಮ್, ಪಕ್ಕದ ಕೋಣೆಯ ಉಗ್ರಾಣ. ಕಟ್ಟೆಯ ಮೇಲಿರುವುದಕ್ಕೆ ಕೈ ಚಾಚಿದರೆ ಸಾಕು. ಉಗ್ರಾಣದಲ್ಲಿ ಇರುವುದಕ್ಕೆ ಪ್ರತಿ ಸಲ ಎದ್ದು ಹೋಗಿ ತರಬೇಕು. ಅಡುಗೆಯವರ ಕೈ ಎಷ್ಟೇ ಚುರುಕಾಗಿರಲಿ, ನಡೆಯುವ ಹೊತ್ತಿನಲ್ಲಿ ಒಲೆ ಸುಮ್ನೆ ಉರಿಯುತ್ತಿರುತ್ತದೆ.

ಎರಡಕ್ಕೂ ಇರುವ ಅಂತರ ಎಷ್ಟು ಅಂತ ಒಂದು ಕಾರ್ಡಿನಲ್ಲೇ ನೋಡೋಣ. ಆರ್‌ಟಿಎಕ್ಸ್ 4060 ಕಾರ್ಡಿನಲ್ಲಿ 8 ಜಿಬಿ ಇದೆ. ಅದರ ಚಿಪ್ ತನ್ನದೇ ಮೆಮೊರಿಯಿಂದ ಸೆಕೆಂಡಿಗೆ 272 ಜಿಬಿ ಓದಬಲ್ಲದು. ಅದೇ ಕಾರ್ಡ್ ಮದರ್‌ಬೋರ್ಡ್ ಮೂಲಕ ಕಂಪ್ಯೂಟರಿನ ರ‍್ಯಾಮ್‌ನಿಂದ ತರಿಸಿಕೊಳ್ಳಬೇಕಾದರೆ ಸೆಕೆಂಡಿಗೆ ಸುಮಾರು 16 ಜಿಬಿ ಮಾತ್ರ ಬರುತ್ತದೆ. ಅಂದರೆ 17 ಪಟ್ಟು ನಿಧಾನ. ಮದರ್‌ಬೋರ್ಡ್ ಹಳೆಯದಾಗಿ, ಕಾರ್ಡ್ ಕೂರುವ ಸ್ಲಾಟ್ ಪಿಸಿಐಇ 3.0 ಆಗಿದ್ದರೆ ಅದೂ ಅರ್ಧ, 8 ಜಿಬಿ.

ಈಗ ಇದನ್ನು ಫ್ರೇಮ್ ಲೆಕ್ಕಕ್ಕೆ ತರೋಣ. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದು ಫ್ರೇಮ್ ಬಿಡಿಸಲು ಸಿಗುವ ಸಮಯ 16.7 ಮಿಲಿಸೆಕೆಂಡ್. ಆ ಫ್ರೇಮಿಗೆ ಬೇಕಾದ 200 ಎಂಬಿ ಸಾಮಾನು ಕಾರ್ಡಿನಲ್ಲಿ ಇಲ್ಲದೆ ಉಗ್ರಾಣದಿಂದ ಬರಬೇಕಾಯಿತು ಅಂದುಕೊಳ್ಳಿ. ಹೊಸ ಬೋರ್ಡಿನಲ್ಲಿ ತರುವುದಕ್ಕೇ 12.5 ಮಿಲಿಸೆಕೆಂಡ್ ಹೋಯಿತು. ಹಳೆಯ ಬೋರ್ಡಿನಲ್ಲಿ 25 ಮಿಲಿಸೆಕೆಂಡ್, ಅಂದರೆ ಇಡೀ ಫ್ರೇಮಿನ ಸಮಯಕ್ಕಿಂತ ಜಾಸ್ತಿ. ಬಿಡಿಸುವ ಕೆಲಸ ಇನ್ನೂ ಶುರುವೇ ಆಗಿಲ್ಲ. ತಿರುವಿನಲ್ಲಿ ಚಿತ್ರ ನಿಂತದ್ದು ಇದರಿಂದ. ತಿರುಗಿದ ತಕ್ಷಣ ಹೊಸ ಬೀದಿಯ ಸಾಮಾನೆಲ್ಲ ಒಟ್ಟಿಗೆ ಬೇಕಾಯಿತು, ಕಟ್ಟೆಯ ಮೇಲೆ ಜಾಗ ಇರಲಿಲ್ಲ.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಕೆಲಸ ಹೆಚ್ಚಾದರೆ ವೇಗ ಮೆಲ್ಲಗೆ ಇಳಿಯುತ್ತದೆ. 70 ಇದ್ದದ್ದು 62 ಆಗುತ್ತದೆ, ಆಮೇಲೆ 55. ಜಾಗದ ವಿಷಯ ಹಾಗಲ್ಲ. 7 ಜಿಬಿ ತುಂಬಿದರೂ ಏನೂ ಆಗುವುದಿಲ್ಲ, 7.4 ತುಂಬಿದರೂ ಏನೂ ಆಗುವುದಿಲ್ಲ. ಅಂಚು ದಾಟಿದ ಕೂಡಲೇ ಬಿದ್ದುಬಿಡುತ್ತದೆ. 2023ರಲ್ಲಿ ಬಂದ ಆರ್‌ಟಿಎಕ್ಸ್ 4060 ಟಿಐ ಇದಕ್ಕೆ ಒಳ್ಳೆಯ ಉದಾಹರಣೆ. ಒಂದೇ ಚಿಪ್, ಒಂದೇ ವೇಗ. 8 ಜಿಬಿಯದು ಒಂದು, 16 ಜಿಬಿಯದು ಒಂದು. ಆಟ 8 ಜಿಬಿಯೊಳಗೆ ಹಿಡಿಸುವವರೆಗೆ ಎರಡೂ ಕಾರ್ಡ್ ಹೆಚ್ಚುಕಡಿಮೆ ಒಂದೇ ಸಮ ಓಡುತ್ತವೆ. ಹಿಡಿಸದೇ ಹೋದಾಗ ಮಾತ್ರ ಚಿಕ್ಕದು ಮುಗ್ಗರಿಸುತ್ತದೆ.

ಮತ್ತೆ ಇದು ಈಗ ಯಾಕೆ ದೊಡ್ಡ ತೊಂದರೆ ಆಯಿತು? ಪ್ಲೇಸ್ಟೇಷನ್ 4ರಲ್ಲಿ ಯಂತ್ರದ ಎಲ್ಲ ಕೆಲಸಕ್ಕೂ ಸೇರಿ ಇದ್ದದ್ದು 8 ಜಿಬಿ. 2020ರಲ್ಲಿ ಬಂದ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಲ್ಲಿ 16 ಜಿಬಿ ಇದೆ. ಹಳೆಯ ಯಂತ್ರಗಳನ್ನು ಬಿಟ್ಟು ಹೊಸದಕ್ಕೆ ಮಾತ್ರ ಆಟ ಮಾಡಲು ಶುರುವಾದ ಮೇಲೆ ಟೆಕ್ಸ್ಚರ್‌ಗಳ ಅಳತೆಯೂ ಆ ದೊಡ್ಡ ಕಟ್ಟೆಗೆ ತಕ್ಕಂತೆ ಬೆಳೆಯಿತು. ಅದೇ ಆಟ ಪಿಸಿಗೆ ಬಂದಾಗ 8 ಜಿಬಿ ಕಾರ್ಡ್ ಇರುವವರಿಗೆ ಇಕ್ಕಟ್ಟಾಗುತ್ತದೆ.

## ಟೆಕ್ಸ್ಚರ್: ಜಾಗ ತಿನ್ನುತ್ತದೆ, ವೇಗ ತಿನ್ನುವುದಿಲ್ಲ

ಆಟದಲ್ಲಿ ಒಂದು ಗೋಡೆ ಅಂದರೆ ಬರೀ ಚಪ್ಪಟೆ ಆಕಾರ. ಅದಕ್ಕೆ ಇಟ್ಟಿಗೆಯ ಚಿತ್ರ ಅಂಟಿಸಿದಾಗ ಗೋಡೆಯಾಗಿ ಕಾಣುತ್ತದೆ. ಅಂಟಿಸುವ ಆ ಚಿತ್ರವೇ ಟೆಕ್ಸ್ಚರ್. ಈಗಿನ ಆಟಗಳಲ್ಲಿ ಒಂದು ಗೋಡೆಗೆ ಒಂದು ಚಿತ್ರ ಸಾಲುವುದಿಲ್ಲ. ಬಣ್ಣಕ್ಕೆ ಒಂದು, ಉಬ್ಬುತಗ್ಗಿಗೆ ಒಂದು, ಎಲ್ಲಿ ಒರಟು ಎಲ್ಲಿ ಹೊಳಪು ಅಂತ ಹೇಳಲು ಇನ್ನೊಂದು. ಕಡಿಮೆ ಅಂದರೂ ಮೂರು.

ಒಂದು ಚಿತ್ರ ಎಷ್ಟು ಜಾಗ ಹಿಡಿಯುತ್ತದೆ? 4096 ಅಗಲ, 4096 ಎತ್ತರದ ಚಿತ್ರ ತೆಗೆದುಕೊಳ್ಳಿ. ಒಂದೊಂದು ಚುಕ್ಕೆಗೆ 4 ಬೈಟ್ ಅಂದರೆ 64 ಎಂಬಿ. ಇಷ್ಟನ್ನು ಯಾರೂ ಹಾಗೇ ಇಡುವುದಿಲ್ಲ. ಕಾರ್ಡ್ ನೇರವಾಗಿ ಓದಬಲ್ಲ ರೀತಿಯಲ್ಲಿ ಅದನ್ನು ಅದುಮಿ ಇಡುತ್ತಾರೆ. ಬಿಸಿ7 ಅನ್ನುವ ವಿಧಾನದಲ್ಲಿ ಚುಕ್ಕೆಗೆ 1 ಬೈಟ್ ಸಾಕು, ಹಾಗಾಗಿ 16 ಎಂಬಿ. ಇದರ ಜೊತೆಗೆ ಅದೇ ಚಿತ್ರದ ಚಿಕ್ಕ ಪ್ರತಿಗಳೂ ಇರುತ್ತವೆ: 2048ರದ್ದು, 1024ರದ್ದು, 512ರದ್ದು, ಹೀಗೆ ಕೊನೆಯವರೆಗೆ. ಇವಕ್ಕೆ ಮಿಪ್‌ಮ್ಯಾಪ್ ಅನ್ನುತ್ತಾರೆ. ದೂರದ ಗೋಡೆಗೆ ದೊಡ್ಡ ಚಿತ್ರ ಬೇಕಿಲ್ಲ, ಚಿಕ್ಕದೇ ಸಾಕು. ಈ ಪ್ರತಿಗಳೆಲ್ಲ ಸೇರಿ ಮೂರನೇ ಒಂದು ಪಾಲು ಜಾಸ್ತಿ ಹಿಡಿಯುತ್ತವೆ. ಒಟ್ಟು ಸುಮಾರು 21 ಎಂಬಿ. ಮೂರು ಚಿತ್ರ ಸೇರಿದರೆ ಒಂದು ಗೋಡೆಗೆ 64 ಎಂಬಿ.

ಈಗ ಅದೇ ಗೋಡೆಗೆ 2048ರ ಚಿತ್ರ ಬಳಸಿ. ಅಗಲ ಅರ್ಧ, ಎತ್ತರವೂ ಅರ್ಧ. ಆದ್ದರಿಂದ ಜಾಗ ಕಾಲು ಭಾಗ. 64 ಇದ್ದದ್ದು 16 ಎಂಬಿ ಆಯಿತು. ಒಂದೇ ಒಂದು ಹಂತ ಇಳಿಸಿದರೆ ಆ ಗೋಡೆಯ ಮುಕ್ಕಾಲು ಪಾಲು ಜಾಗ ಖಾಲಿ. ಟೆಕ್ಸ್ಚರ್ ಸೆಟ್ಟಿಂಗ್‌ಗೆ ಇಷ್ಟು ಬಲ ಬಂದದ್ದು ಇದರಿಂದಲೇ.

ಕಣ್ಣಿಗೆ ಎಷ್ಟು ನಷ್ಟ? ಇದನ್ನು ಸ್ಕ್ರೀನ್ ಜೊತೆ ಹೋಲಿಸಿ ನೋಡಬೇಕು. 1080ಪಿ ಸ್ಕ್ರೀನಿನಲ್ಲಿ ಇರುವುದು ಸುಮಾರು 21 ಲಕ್ಷ ಪಿಕ್ಸೆಲ್. 4096ರ ಒಂದು ಟೆಕ್ಸ್ಚರ್‌ನಲ್ಲಿ ಇರುವುದು 1 ಕೋಟಿ 68 ಲಕ್ಷ ಚುಕ್ಕೆ. ಇಡೀ ಸ್ಕ್ರೀನ್ ತುಂಬ ಆ ಒಂದೇ ಗೋಡೆ ಬಂದರೂ ಎಂಟರಲ್ಲಿ ಏಳು ಪಾಲು ಚುಕ್ಕೆ ತೋರಿಸಲು ಜಾಗವೇ ಇಲ್ಲ. ಗೋಡೆಗೆ ಮೂಗು ತಾಗಿಸಿ ನಿಂತಾಗ ಮಾತ್ರ ದೊಡ್ಡ ಚಿತ್ರದ ಉಪಯೋಗ ಕಾಣುತ್ತದೆ. ಹಾಗಾಗಿ 1080ಪಿಯಲ್ಲಿ `Ultra` ಬಿಟ್ಟು `High` ಇಟ್ಟರೆ ಹೆಚ್ಚಿನ ಆಟಗಳಲ್ಲಿ ವ್ಯತ್ಯಾಸ ಹುಡುಕಲು ಕಷ್ಟಪಡಬೇಕು. `Medium`ನಲ್ಲಿ ಗೊತ್ತಾಗಲು ಶುರುವಾಗುತ್ತದೆ. `Low`ನಲ್ಲಿ ಅಂಗಡಿ ಬೋರ್ಡಿನ ಅಕ್ಷರಗಳೇ ಕಲಸಿಹೋಗುತ್ತವೆ.

ಕೆಲವು ಆಟಗಳಲ್ಲಿ ಈ ಹೆಸರುಗಳ ಅರ್ಥ ಬೇರೆಯಾಗಿರುತ್ತದೆ, ಇಲ್ಲಿ ಜನ ಎಡವುತ್ತಾರೆ. ರೆಸಿಡೆಂಟ್ ಈವಿಲ್ ಸಾಲಿನ 2019ರ ಆಟದಲ್ಲಿ `High (1GB)`, `High (2GB)`, `High (4GB)` ಅಂತ ಒಂದೇ ಹೆಸರಿನ ಹಲವು ಆಯ್ಕೆಗಳಿವೆ. ಇಲ್ಲಿ ಬದಲಾಗುವುದು ಚಿತ್ರದ ಗುಣಮಟ್ಟಕ್ಕಿಂತ ಹೆಚ್ಚಾಗಿ, ಟೆಕ್ಸ್ಚರ್‌ಗಳಿಗೆ ಅಂತ ಕಾದಿರಿಸುವ ಜಾಗ. ಇಂಥ ಜಾಗಕ್ಕೆ ಟೆಕ್ಸ್ಚರ್ ಪೂಲ್ ಅನ್ನುತ್ತಾರೆ. ಪೂಲ್ ಚಿಕ್ಕದಾದರೆ ಆಟ ನಿಮ್ಮ ಹತ್ತಿರದ ವಸ್ತುಗಳ ದೊಡ್ಡ ಚಿತ್ರವನ್ನು ಇಟ್ಟುಕೊಂಡು, ಬೆನ್ನ ಹಿಂದಿನದನ್ನು ಬೇಗ ತೆಗೆದುಹಾಕುತ್ತದೆ. ತಿರುಗಿ ನೋಡಿದಾಗ ಗೋಡೆ ಒಂದು ಕ್ಷಣ ಮಸುಕಾಗಿದ್ದು ಆಮೇಲೆ ಸ್ಪಷ್ಟವಾಗುತ್ತದೆ. ಇದು ತೊಂದರೆಯೇ, ಆದರೆ ಚಿತ್ರ ನಿಲ್ಲುವುದಕ್ಕಿಂತ ಎಷ್ಟೋ ವಾಸಿ.

ಇನ್ನು ವೇಗದ ಮಾತು. ಟೆಕ್ಸ್ಚರ್ ಇಳಿಸಿದರೆ ಎಫ್‌ಪಿಎಸ್ ಏರುತ್ತದೆ ಅಂತ ಕಾಯಬೇಡಿ. ಒಂದು ಪಿಕ್ಸೆಲ್‌ಗೆ ಬಣ್ಣ ಹುಡುಕುವಾಗ ಕಾರ್ಡ್ ಆ ಚಿತ್ರದ ಕೆಲವೇ ಚುಕ್ಕೆಗಳನ್ನು ಓದುತ್ತದೆ. ಚಿತ್ರ ದೊಡ್ಡದಿರಲಿ ಚಿಕ್ಕದಿರಲಿ, ಓದುವ ಚುಕ್ಕೆ ಅಷ್ಟೇ. ಜಾಗದಲ್ಲಿ ಹಿಡಿಸುವವರೆಗೆ `High`ಗೂ `Low`ಗೂ ವೇಗದಲ್ಲಿ ಒಂದೆರಡು ಫ್ರೇಮ್ ವ್ಯತ್ಯಾಸ ಬಂದರೆ ಹೆಚ್ಚು. ಆದ್ದರಿಂದ ಕಾರ್ಡಿನ ಶಕ್ತಿ ಕಡಿಮೆ ಅಂತ ಟೆಕ್ಸ್ಚರ್ ಇಳಿಸುವುದು ವ್ಯರ್ಥ. ಜಾಗ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಅದನ್ನು ಇಳಿಸಬೇಕು.

ಇದರ ಪಕ್ಕದಲ್ಲೇ `Anisotropic Filtering` ಅಂತ ಇರುತ್ತದೆ. ಓರೆಯಾಗಿ ಕಾಣುವ ನೆಲ, ರಸ್ತೆ ದೂರದಲ್ಲಿ ಮಸುಕಾಗದಂತೆ ನೋಡಿಕೊಳ್ಳುವುದು ಅದರ ಕೆಲಸ. ಹೊಸ ಮೆಮೊರಿ ಹೆಚ್ಚೇನೂ ಕೇಳುವುದಿಲ್ಲ. ಟೆಕ್ಸ್ಚರ್ ಒಂದು ಹಂತ ಇಳಿಸಿದವರು ಇದನ್ನು `16x` ಇಟ್ಟುಕೊಂಡರೆ ಕಳೆದುಕೊಂಡದ್ದರಲ್ಲಿ ಸ್ವಲ್ಪ ವಾಪಸ್ ಬಂದ ಹಾಗೆ ಕಾಣುತ್ತದೆ.

## ನೆರಳು: ದೀಪದ ಕಣ್ಣಿನಿಂದ ಮತ್ತೊಮ್ಮೆ ಬಿಡಿಸುವುದು

ನೆರಳು ಎಲ್ಲಿ ಬೀಳುತ್ತದೆ? ದೀಪ ಇರುವ ಜಾಗದಲ್ಲಿ ನಿಂತು ನೋಡಿದರೆ ಏನು ಕಾಣುವುದಿಲ್ಲವೋ ಅಲ್ಲಿ. ಆಟಗಳೂ ಇದನ್ನೇ ಮಾಡುತ್ತವೆ. ಮೊದಲು ಸೂರ್ಯನ ಕಡೆಯಿಂದ ಇಡೀ ದೃಶ್ಯವನ್ನು ಒಮ್ಮೆ ಬಿಡಿಸುತ್ತವೆ. ಬಣ್ಣ ಬೇಡ, ಯಾವ ವಸ್ತು ಎಷ್ಟು ದೂರ ಅನ್ನುವ ಅಂಕಿ ಮಾತ್ರ. ಈ ಅಂಕಿಗಳ ಚಿತ್ರಕ್ಕೆ ಶ್ಯಾಡೋ ಮ್ಯಾಪ್ ಅನ್ನುತ್ತಾರೆ. ಆಮೇಲೆ ನಿಮ್ಮ ಕಣ್ಣಿನ ಕಡೆಯಿಂದ ಬಿಡಿಸುವಾಗ ಒಂದೊಂದು ಚುಕ್ಕೆಗೂ ಕೇಳುತ್ತವೆ: ಸೂರ್ಯನಿಗೆ ನೀನು ಕಾಣುತ್ತೀಯಾ? ಇಲ್ಲ ಅಂದರೆ ಅಲ್ಲಿ ನೆರಳು.

ಸಾಮಾನ್ಯವಾಗಿ ಸೂರ್ಯನಿಗೆ ಒಂದು ಮ್ಯಾಪ್ ಸಾಲುವುದಿಲ್ಲ. ಹತ್ತಿರಕ್ಕೆ ಒಂದು, ಸ್ವಲ್ಪ ದೂರಕ್ಕೆ ಒಂದು, ಹೀಗೆ ನಾಲ್ಕು ಇಟ್ಟುಕೊಳ್ಳುವುದು ರೂಢಿ. 2048 ಅಳತೆಯ ಮ್ಯಾಪ್‌ಗೆ ಚುಕ್ಕೆಗೆ 4 ಬೈಟ್‌ನಂತೆ 16 ಎಂಬಿ. ನಾಲ್ಕಕ್ಕೆ 64 ಎಂಬಿ. `Ultra`ದಲ್ಲಿ 4096 ಆದರೆ ನಾಲ್ಕು ಪಟ್ಟು, 256 ಎಂಬಿ. ಬೇರೆ ದೀಪಗಳ ಮ್ಯಾಪ್ ಸೇರಿದರೆ ಇನ್ನೂ ಸ್ವಲ್ಪ ಏರುತ್ತದೆ. ಟೆಕ್ಸ್ಚರ್‌ಗಳು ಜಿಬಿಗಟ್ಟಲೆ ಹಿಡಿಯುವಾಗ ಇದು ದೊಡ್ಡದಲ್ಲ. ನೆರಳನ್ನು ಮೇಲಿನಿಂದ ಕೆಳಗಿನವರೆಗೆ ಇಳಿಸಿದರೂ ಉಳಿಯುವುದು ಇನ್ನೂರು, ಮುನ್ನೂರು ಎಂಬಿ ಅಷ್ಟೇ.

ಆದರೆ ಕೆಲಸದ ಕಡೆ ನೋಡಿ. ನಾಲ್ಕು ಮ್ಯಾಪ್ ಅಂದರೆ ಮರ, ಮನೆ, ಜನ ಎಲ್ಲವನ್ನೂ ಇನ್ನೂ ನಾಲ್ಕು ಸಲ ಬಿಡಿಸಬೇಕು. ಹಗಲು ಕಳೆದು ಸೂರ್ಯ ಸರಿದಂತೆ, ಗಾಳಿಗೆ ಎಲೆ ಅಲುಗಿದಂತೆ ಮತ್ತೆ ಮತ್ತೆ ಬಿಡಿಸಬೇಕು. ನೆರಳಿನ ಅಂಚು ಮೃದುವಾಗಿ ಕಾಣಲು ಒಂದೊಂದು ಪಿಕ್ಸೆಲ್‌ಗೂ ಮ್ಯಾಪ್ ಅನ್ನು ಹಲವು ಸಲ ಓದಬೇಕು. ನೆರಳು ಇಳಿಸಿದಾಗ ಎಫ್‌ಪಿಎಸ್ ಏರುವುದು ಈ ಕೆಲಸ ತಪ್ಪುವುದರಿಂದ.

ಹಾಗಾಗಿ ವೇಗ ಒಂದೇ ಸಮ ಕಡಿಮೆ ಇದ್ದರೆ, ಎಲ್ಲಿ ನಿಂತರೂ 45 ದಾಟದಿದ್ದರೆ, ಆಗ ನೆರಳಿಗೆ ಕೈ ಹಾಕಿ. ನನ್ನ ಅನುಭವದಲ್ಲಿ `Ultra`ದಿಂದ `High`ಗೆ, ಕೆಲವು ಆಟಗಳಲ್ಲಿ `Medium`ಗೆ ಬಂದರೂ ಆಡುವಾಗ ಕಣ್ಣಿಗೆ ಹೊಡೆಯುವುದಿಲ್ಲ. `Low`ನಲ್ಲಿ ಮಾತ್ರ ದೂರದ ಮರಗಳ ನೆರಳು ಇದ್ದಕ್ಕಿದ್ದಂತೆ ಮಾಯವಾಗಿ, ಹತ್ತಿರ ಹೋದಾಗ ಮೂಡುತ್ತದೆ. ಅದು ಬಹಳ ಕಿರಿಕಿರಿ. ನೆರಳಿನ ದೂರಕ್ಕೆ ಬೇರೆ ಸೆಟ್ಟಿಂಗ್ ಇದ್ದರೆ, ಗುಣಮಟ್ಟ ಇಳಿಸಿ ದೂರ ಉಳಿಸಿಕೊಳ್ಳುವುದು ಮೇಲು.

## ರೇ ಟ್ರೇಸಿಂಗ್: ಬೆನ್ನ ಹಿಂದಿನದೂ ಬೇಕು

ಮಾಮೂಲಿ ರೀತಿಯಲ್ಲಿ ಆಟ ಕಣ್ಣೆದುರು ಇರುವುದನ್ನು ಬಿಡಿಸುತ್ತದೆ. ಬೆನ್ನ ಹಿಂದೆ ಏನಿದೆ ಅನ್ನುವುದು ಅದಕ್ಕೆ ಬೇಕಿಲ್ಲ. ರೇ ಟ್ರೇಸಿಂಗ್‌ನಲ್ಲಿ ಬೆಳಕಿನ ಕಿರಣಗಳನ್ನು ನಿಜವಾಗಿ ಹಾಯಿಸಿ ನೋಡುತ್ತಾರೆ. ಎದುರಿನ ಗಾಜಿಗೆ ಬಡಿದ ಕಿರಣ ಹಿಂದಕ್ಕೆ ಬಂದು ನಿಮ್ಮ ಬೆನ್ನ ಹಿಂದಿನ ಕಟ್ಟಡಕ್ಕೆ ತಾಗಬಹುದು. ಆಗ ಆ ಕಟ್ಟಡವೂ ಅದರ ಟೆಕ್ಸ್ಚರ್‌ಗಳೂ ಕಾರ್ಡಿನಲ್ಲಿ ಇರಬೇಕು. ಜಾಗ ಹೋಗುವ ಒಂದು ದಾರಿ ಇದು.

ಇನ್ನೊಂದು ದೊಡ್ಡ ದಾರಿ ಇದೆ. ಒಂದು ಬೀದಿಯ ದೃಶ್ಯದಲ್ಲಿ ಲಕ್ಷಗಟ್ಟಲೆ ತ್ರಿಕೋನಗಳಿರುತ್ತವೆ. ಒಂದು ಕಿರಣ ಯಾವುದಕ್ಕೆ ತಾಗಿತು ಅಂತ ಒಂದೊಂದನ್ನೇ ಕೇಳುತ್ತಾ ಕೂತರೆ ಮುಗಿಯುವುದೇ ಇಲ್ಲ. ಆದ್ದರಿಂದ ಎಲ್ಲವನ್ನೂ ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟ ಹಾಗೆ ಜೋಡಿಸಿಡುತ್ತಾರೆ. ವಿಳಾಸ ಹುಡುಕುವ ಹಾಗೆಯೇ ಇದು. ಮೊದಲು ಊರು, ಆಮೇಲೆ ಬಡಾವಣೆ, ಆಮೇಲೆ ಬೀದಿ, ಕೊನೆಗೆ ಮನೆ. ಕಿರಣ ಒಂದು ದೊಡ್ಡ ಪೆಟ್ಟಿಗೆಗೆ ತಾಗದಿದ್ದರೆ ಅದರೊಳಗಿನ ಸಾವಿರಾರು ತ್ರಿಕೋನಗಳನ್ನು ನೋಡುವ ಅಗತ್ಯವೇ ಇಲ್ಲ. ಈ ಜೋಡಣೆಗೆ ಬಿವಿಎಚ್ ಅಂತ ಹೆಸರು. ಇದು ಕಾರ್ಡಿನ ಮೆಮೊರಿಯಲ್ಲೇ ಇರಬೇಕು. ಒಂದೇ ಜಾತಿಯ ಐನೂರು ಮರಗಳಿದ್ದರೆ ಅವಕ್ಕೆಲ್ಲ ಒಂದೇ ಜೋಡಣೆ ಹಂಚಿಕೊಳ್ಳಬಹುದು. ಆದರೆ ಬೀದಿಯಲ್ಲಿ ನಡೆದಾಡುವ ಜನ ಹಾಗಲ್ಲ. ಒಬ್ಬೊಬ್ಬರ ಕೈಕಾಲು ಒಂದೊಂದು ಭಂಗಿಯಲ್ಲಿ ಇರುತ್ತದೆ, ಪ್ರತಿಯೊಬ್ಬರಿಗೂ ಬೇರೆ ಜೋಡಣೆ ಬೇಕು, ಅದನ್ನು ಮತ್ತೆ ಮತ್ತೆ ತಿದ್ದಬೇಕು.

ಇದರ ಮೇಲೆ, ಪಿಕ್ಸೆಲ್‌ಗೆ ಒಂದೆರಡೇ ಕಿರಣ ಹಾಯಿಸುವುದರಿಂದ ಬರುವ ಚಿತ್ರ ಮರಳು ಎರಚಿದ ಹಾಗಿರುತ್ತದೆ. ಅದನ್ನು ನಯಗೊಳಿಸಲು ಹಿಂದಿನ ಫ್ರೇಮ್‌ಗಳ ಮಾಹಿತಿಯನ್ನೂ ಇಟ್ಟುಕೊಳ್ಳಬೇಕು. ಎಲ್ಲ ಸೇರಿ ಒಂದು ದೊಡ್ಡ ಆಟದಲ್ಲಿ ಒಂದು ಜಿಬಿ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಹೋಗುತ್ತದೆ.

ಮೆಮೊರಿ ಕಡಿಮೆ ಇರುವವರಿಗೆ ಇದರಲ್ಲಿ ತಿಳಿಯಬೇಕಾದ ಮುಖ್ಯ ವಿಷಯ ಇದು. ಪೆಟ್ಟಿಗೆಗಳ ಜೋಡಣೆ ಸ್ವಿಚ್ ಹಾಕಿದ ಕೂಡಲೇ ಬೇಕು. ರೇ ಟ್ರೇಸಿಂಗ್ ಅನ್ನು `High` ಬಿಟ್ಟು `Low` ಮಾಡಿದರೆ ಸಾಮಾನ್ಯವಾಗಿ ಕಿರಣಗಳ ಸಂಖ್ಯೆ ಕಡಿಮೆಯಾಗುತ್ತದೆ, ಅಂದರೆ ಕೆಲಸ ಕಡಿಮೆಯಾಗುತ್ತದೆ. ಜಾಗದ ದೊಡ್ಡ ಪಾಲು ಹಾಗೇ ಉಳಿಯುತ್ತದೆ. ಪ್ರತಿಬಿಂಬಕ್ಕೆ ಅಂತ ಒಮ್ಮೆ ಆನ್ ಮಾಡಿದ ಮೇಲೆ ನೆರಳಿಗೂ ಆನ್ ಮಾಡಿದರೆ ಜಾಗ ಮತ್ತೆ ಅಷ್ಟೇ ಏರುವುದಿಲ್ಲ, ಅದೇ ಜೋಡಣೆ ಎರಡಕ್ಕೂ ಬಳಕೆಯಾಗುತ್ತದೆ. ವೇಗ ಮಾತ್ರ ಇಳಿಯುತ್ತದೆ. ಆದ್ದರಿಂದ ಜಾಗ ಬೇಕು ಅಂದರೆ ರೇ ಟ್ರೇಸಿಂಗ್ ಅನ್ನು ಅರ್ಧ ಇಳಿಸುವುದರಿಂದ ಹೆಚ್ಚು ಲಾಭವಿಲ್ಲ, ಪೂರ್ತಿ ಆಫ್ ಮಾಡಬೇಕು. ಇದಕ್ಕೆ ಹೊರತಾದದ್ದೂ ಇದೆ. 2022ರಲ್ಲಿ ಪಿಸಿಗೆ ಬಂದ ಮಾರ್ವೆಲ್ಸ್ ಸ್ಪೈಡರ್-ಮ್ಯಾನ್ ಆಟದಲ್ಲಿ ಎಷ್ಟು ದೂರದವರೆಗಿನ ವಸ್ತುಗಳು ಪ್ರತಿಬಿಂಬದಲ್ಲಿ ಬರಬೇಕು ಅಂತ ಹೇಳುವ ಸ್ಲೈಡರ್ ಇದೆ. ಅದನ್ನು ಇಳಿಸಿದರೆ ಜೋಡಣೆಗೆ ಸೇರುವ ವಸ್ತುಗಳೇ ಕಡಿಮೆಯಾಗುತ್ತವೆ. ಇಂಥ ಸ್ಲೈಡರ್ ಸಿಕ್ಕರೆ ಮೊದಲು ಅದನ್ನೇ ಮುಟ್ಟಿ.

## ಜಾಗ ಸಾಲುತ್ತಿಲ್ಲ ಅಂತ ಹೇಗೆ ಗೊತ್ತಾಗುತ್ತದೆ

ಮೆನುವಿನ ಕೆಂಪು ಪಟ್ಟಿ ಒಂದು ಅಂದಾಜು. ಕೆಲವು ಆಟಗಳಲ್ಲಿ ಅದು ಜಾಸ್ತಿ ಹೇಳುತ್ತದೆ, ಕೆಲವುಗಳಲ್ಲಿ ಕಡಿಮೆ. ವಿಂಡೋಸ್‌ನಲ್ಲೇ ಇದಕ್ಕಿಂತ ಒಳ್ಳೆಯ ಅಳತೆ ಇದೆ. `Ctrl+Shift+Esc` ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. `Performance`ಗೆ ಹೋಗಿ ನಿಮ್ಮ `GPU` ಆರಿಸಿ. ಕೆಳಗೆ ಎರಡು ಗ್ರಾಫ್ ಕಾಣುತ್ತವೆ. `Dedicated GPU memory` ಅಂದರೆ ಕಟ್ಟೆ. `Shared GPU memory` ಅಂದರೆ ಉಗ್ರಾಣದಲ್ಲಿ ಕಾರ್ಡಿನ ಸಾಮಾನು ಎಷ್ಟಿದೆ ಅಂತ.

ಆಟ ಆಡುತ್ತಿರುವಾಗ ಎರಡನೆಯ ಗ್ರಾಫ್‌ನಲ್ಲಿ ಸ್ವಲ್ಪ ಬಳಕೆ ಯಾವಾಗಲೂ ಇರುತ್ತದೆ. ಅದಕ್ಕೆ ಹೆದರಬೇಡಿ. ಮೊದಲನೆಯದು ಮೇಲೆ ಮುಟ್ಟಿ ಚಪ್ಪಟೆಯಾಗಿ, ಎರಡನೆಯದು ಏರುತ್ತಾ ಹೋದರೆ ಮಾತ್ರ ಸಾಮಾನು ಹೊರಗೆ ಚೆಲ್ಲುತ್ತಿದೆ ಅಂತ ಅರ್ಥ. ಮೊದಲನೆಯದು ತುಂಬಿದಂತೆ ಕಂಡ ಮಾತ್ರಕ್ಕೆ ತೊಂದರೆ ಅಂತಲೂ ಅಲ್ಲ. ಜಾಗ ಖಾಲಿ ಇದ್ದರೆ ಮುಂದೆ ಬೇಕಾಗಬಹುದು ಅಂತ ಆಟಗಳು ಜಾಸ್ತಿ ಇಟ್ಟುಕೊಳ್ಳುತ್ತವೆ. 16 ಜಿಬಿ ಕಾರ್ಡಿನಲ್ಲಿ ಒಂದು ಆಟ 11 ಜಿಬಿ ತೋರಿಸಿತು ಅಂದರೆ ಅದಕ್ಕೆ 11 ಜಿಬಿ ಬೇಕೇ ಬೇಕು ಅಂತಲ್ಲ.

ಮುಗ್ಗರಿಸುವುದಕ್ಕೆ ಬೇರೆ ಕಾರಣಗಳೂ ಇವೆ. ಹೊಸ ದೃಶ್ಯ ಬಂದಾಗ ಆಟ ಅದಕ್ಕೆ ಬೇಕಾದ ಶೇಡರ್ ಪ್ರೋಗ್ರಾಮ್ ಸಿದ್ಧ ಮಾಡುವುದಕ್ಕೆ ನಿಲ್ಲಬಹುದು. ಎರಡನ್ನೂ ಬೇರ್ಪಡಿಸುವುದು ಸುಲಭ. ಅದೇ ಬೀದಿಯಲ್ಲಿ ಎರಡನೇ ಸಲ, ಮೂರನೇ ಸಲ ನಡೆಯಿರಿ. ಮೊದಲ ಸಲ ಮಾತ್ರ ನಿಂತು, ಆಮೇಲೆ ಸಲೀಸಾಗಿ ಹೋದರೆ ಅದು ಶೇಡರ್. ಪ್ರತಿ ಸಲವೂ ನಿಂತರೆ, ಅರ್ಧ ಗಂಟೆ ಆಡಿದ ಮೇಲೆ ಇನ್ನೂ ಹೆಚ್ಚಾದರೆ, ಆಟ ಮುಚ್ಚಿ ತೆರೆದಾಗ ಸ್ವಲ್ಪ ಹೊತ್ತು ಸರಿಹೋದರೆ ಅದು ಜಾಗದ ತೊಂದರೆ. ಖಚಿತ ಮಾಡಿಕೊಳ್ಳಲು ಟೆಕ್ಸ್ಚರ್ ಎರಡು ಹಂತ ಇಳಿಸಿ, ಆಟವನ್ನು ಪೂರ್ತಿ ಮುಚ್ಚಿ, ಮತ್ತೆ ತೆರೆದು ಅದೇ ಬೀದಿಗೆ ಹೋಗಿ. ಮುಗ್ಗರಿಸುವುದು ಹೋಯಿತಾ? ಹಾಗಾದರೆ ಸಿಕ್ಕಿತು. ಮುಚ್ಚಿ ತೆರೆಯುವುದನ್ನು ಮರೆಯಬೇಡಿ. ಹಳೆಯ ಸಾಮಾನು ಒಳಗೇ ಉಳಿದು ನಿಮ್ಮ ಪರೀಕ್ಷೆಯನ್ನೇ ಹಾಳು ಮಾಡುತ್ತದೆ.

## ಒಂದು ಲೆಕ್ಕ ಮಾಡಿ ನೋಡೋಣ

8 ಜಿಬಿ ಕಾರ್ಡ್, 1440ಪಿ ಸ್ಕ್ರೀನ್, ದೊಡ್ಡ ನಗರದಲ್ಲಿ ನಡೆಯುವ ಆಟ. ಕೆಳಗಿನ ಅಂಕಿಗಳು ಲೆಕ್ಕ ಅರ್ಥವಾಗಲಿ ಅಂತ ನಾನು ಇಟ್ಟ ಸುತ್ತು ಅಂಕಿಗಳು. ನಿಮ್ಮ ಆಟದಲ್ಲಿ ಬೇರೆ ಬರುತ್ತವೆ, ಲೆಕ್ಕದ ರೀತಿ ಮಾತ್ರ ಇದೇ.

ಮೊದಲು, 8 ಜಿಬಿ ಪೂರ್ತಿ ಆಟಕ್ಕೆ ಸಿಗುವುದಿಲ್ಲ. ವಿಂಡೋಸ್ ತನ್ನ ಪಾಲು ತೆಗೆದುಕೊಳ್ಳುತ್ತದೆ. ಹಿಂದೆ ಬ್ರೌಸರ್, ಚಾಟ್ ಆ್ಯಪ್ ತೆರೆದಿದ್ದರೆ ಅವೂ ಕಾರ್ಡಿನ ಮೆಮೊರಿ ಬಳಸುತ್ತವೆ. ಅವನ್ನೆಲ್ಲ ಮುಚ್ಚಿದ ಮೇಲೆ ಆಟಕ್ಕೆ 7.5 ಜಿಬಿ ಉಳಿಯಿತು ಅಂತಿಟ್ಟುಕೊಳ್ಳೋಣ. ಸ್ಕ್ರೀನಿಗೆ ಬಿಡಿಸಲು ಬೇಕಾದ ಬಫರ್‌ಗಳಿಗೆ 1 ಜಿಬಿ. ಆಕಾರಗಳು, ಚಲನೆ, ಇತರ ಸಾಮಾನಿಗೆ 1.8. ನೆರಳು `High`ಗೆ 0.3. ಒಟ್ಟು 3.1 ಜಿಬಿ. ಟೆಕ್ಸ್ಚರ್‌ಗೆ ಉಳಿದದ್ದು 4.4.

ಟೆಕ್ಸ್ಚರ್ `Ultra` 4.6 ಜಿಬಿ ಕೇಳುತ್ತದೆ. ಒಟ್ಟು 7.7. ಚೆಲ್ಲಿತು. `High` 3 ಜಿಬಿ ಕೇಳುತ್ತದೆ. ಒಟ್ಟು 6.1, ಇನ್ನೂ 1.4 ಜಿಬಿ ಕೈಯಲ್ಲಿದೆ. ಇಲ್ಲಿಗೆ ನಿಲ್ಲಿಸಿದರೆ ಆಟ ನೆಮ್ಮದಿಯಾಗಿ ಓಡುತ್ತದೆ.

ಈಗ ರೇ ಟ್ರೇಸಿಂಗ್ ಆಸೆ. ಅದಕ್ಕೆ 1.5 ಜಿಬಿ. ಒಟ್ಟು 7.6. ಮತ್ತೆ ಚೆಲ್ಲಿತು, ಅದೂ ಬರೀ 0.1 ಜಿಬಿಯಷ್ಟು. ಇಲ್ಲೇ ಜನ ನೆರಳನ್ನು `Low` ಮಾಡುತ್ತಾರೆ. 0.2 ಉಳಿಯಿತು, 7.4 ಆಯಿತು. ಕಾಗದದ ಮೇಲೆ ಹಿಡಿಸಿತು, ಅಲ್ವಾ? ಆದರೆ ಮಾರುಕಟ್ಟೆಯಂಥ ತುಂಬಿದ ಜಾಗಕ್ಕೆ ಹೋದ ಕೂಡಲೇ ಮತ್ತೆ ಚೆಲ್ಲುತ್ತದೆ. ದೃಶ್ಯದಿಂದ ದೃಶ್ಯಕ್ಕೆ ಬೇಕಾಗುವ ಜಾಗ ಏರಿಳಿಯುತ್ತದೆ. ಅರ್ಧ ಜಿಬಿಯಾದರೂ ಯಾವಾಗಲೂ ಖಾಲಿ ಇರಬೇಕು. ಸಾಲದ್ದಕ್ಕೆ ನೆರಳೂ ಕೆಟ್ಟದಾಯಿತು.

ಅಪ್‌ಸ್ಕೇಲಿಂಗ್ ಹಾಕಿದರೆ? ಡಿಎಲ್‌ಎಸ್‌ಎಸ್ ಅಥವಾ ಎಫ್‌ಎಸ್‌ಆರ್ ಅನ್ನು `Quality`ಯಲ್ಲಿ ಇಟ್ಟರೆ ಆಟ ಒಳಗೆ 960 ಸಾಲುಗಳಲ್ಲಿ ಬಿಡಿಸಿ 1440ಕ್ಕೆ ಹಿಗ್ಗಿಸುತ್ತದೆ. ಬಿಡಿಸುವ ಪಿಕ್ಸೆಲ್ ಅರ್ಧಕ್ಕಿಂತ ಕಡಿಮೆ. ಬಫರ್‌ಗಳಲ್ಲಿ 0.3 ಜಿಬಿ ಉಳಿಯಬಹುದು. ಟೆಕ್ಸ್ಚರ್‌ಗಳಲ್ಲಿ ಉಳಿಯುವುದಿಲ್ಲ. ಹಿಗ್ಗಿಸಿದ ಚಿತ್ರ ಮಸುಕಾಗಬಾರದು ಅಂತ ಆಟ 1440ಪಿಗೆ ಬೇಕಾದ ಟೆಕ್ಸ್ಚರ್‌ಗಳನ್ನೇ ಬಳಸುತ್ತದೆ. ವೇಗಕ್ಕೆ ಇದು ಬಹಳ ಒಳ್ಳೆಯದು, ಜಾಗಕ್ಕೆ ಸಾಧಾರಣ. ಬಿಡಿಸಿದ ಫ್ರೇಮ್‌ಗಳ ನಡುವೆ ಕೃತಕ ಫ್ರೇಮ್ ಸೇರಿಸುವ ಫ್ರೇಮ್ ಜನರೇಷನ್ ಅಂತೂ ಉಲ್ಟಾ. ಅದು ತನಗೇ ಇನ್ನೂ ಕೆಲವು ನೂರು ಎಂಬಿ ಕೇಳುತ್ತದೆ. ಜಾಗ ಮುಗಿದು ಮುಗ್ಗರಿಸುತ್ತಿರುವ ಆಟಕ್ಕೆ ಅದನ್ನು ಹಾಕಿದರೆ ಇನ್ನೂ ಕೆಡುತ್ತದೆ.

ಉಳಿದ ದಾರಿ ಎರಡು. ಟೆಕ್ಸ್ಚರ್ ಅನ್ನು `Medium`ಗೆ ಇಳಿಸಿದರೆ 1.8 ಜಿಬಿ, ರೇ ಟ್ರೇಸಿಂಗ್ ಸೇರಿ ಒಟ್ಟು 6.4. ಹಿಡಿಸುತ್ತದೆ. ಇಲ್ಲವೇ ರೇ ಟ್ರೇಸಿಂಗ್ ಬಿಟ್ಟು ಟೆಕ್ಸ್ಚರ್ `High` ಇಟ್ಟುಕೊಳ್ಳುವುದು. ಎರಡರಲ್ಲಿ ಯಾವುದು ಅನ್ನುವುದಕ್ಕೆ ಆಟವನ್ನೇ ಕೇಳಬೇಕು. ಮಳೆ ಬಿದ್ದ ರಸ್ತೆ, ಗಾಜಿನ ಕಟ್ಟಡ, ರಾತ್ರಿಯ ದೀಪಗಳು ತುಂಬಿದ ಆಟದಲ್ಲಿ ಪ್ರತಿಬಿಂಬ ಇಡೀ ದೃಶ್ಯವನ್ನೇ ಬದಲಿಸುತ್ತದೆ. ಹಗಲಿನ ಕಾಡು, ಬಯಲು ಇರುವ ಆಟದಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ. ಅಲ್ಲಿ ಬಂಡೆ, ಮಣ್ಣು, ಬಟ್ಟೆಯ ನೇಯ್ಗೆ ಮುಖ್ಯ. ನಾನಾದರೆ ಹೆಚ್ಚಿನ ಆಟಗಳಲ್ಲಿ ಟೆಕ್ಸ್ಚರ್ ಉಳಿಸಿಕೊಳ್ಳುತ್ತೇನೆ. ಅದು ನೋಡಿದ ಕಡೆಯೆಲ್ಲ ಇರುತ್ತದೆ, ಮತ್ತು ವೇಗವನ್ನೂ ಕೇಳುವುದಿಲ್ಲ.

`Medium` ಎಷ್ಟು ಕೆಟ್ಟದು ಅನ್ನುವುದೂ ಆಟದಿಂದ ಆಟಕ್ಕೆ ಬೇರೆ. 2023ರಲ್ಲಿ ಪಿಸಿಗೆ ಬಂದ ದ ಲಾಸ್ಟ್ ಆಫ್ ಅಸ್ ಪಾರ್ಟ್ 1ರಲ್ಲಿ ಶುರುವಿನಲ್ಲಿ `Medium` ಟೆಕ್ಸ್ಚರ್ ಕಲಸಿದ ಹಾಗೆ ಕಾಣುತ್ತಿತ್ತು. ಆಮೇಲಿನ ಪ್ಯಾಚ್‌ಗಳಲ್ಲಿ ಅದು ಬಹಳ ಸುಧಾರಿಸಿತು. ಆದ್ದರಿಂದ ಆಟಕ್ಕೆ ದೊಡ್ಡ ಪ್ಯಾಚ್ ಬಂದಾಗ ಹಳೆಯ ಸೆಟ್ಟಿಂಗ್ ಅನ್ನೇ ಹಿಡಿದು ಕೂರದೆ, ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಅತಿ ಗಿಜಿಗುಡುವ ಬೀದಿಯಲ್ಲಿ ಅರ್ಧ ಗಂಟೆ ಓಡಾಡಿ ನೋಡಿ. ಎರಡನೇ ಗ್ರಾಫ್ ಅಲುಗದಿದ್ದರೆ ಟೆಕ್ಸ್ಚರ್ ಒಂದು ಹಂತ ಏರಿಸಿ, ಆಟ ಮುಚ್ಚಿ ತೆರೆದು, ಅದೇ ಬೀದಿಯಲ್ಲಿ ಮತ್ತೆ ನಡೆಯಿರಿ.